ಅರ್ಜಿಯ ಮೇಲಿನ ಪತ್ರ

ಪಿಎಚ್.ಡಿ. ಪ್ರಬಂಧವನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿ ವೈವಾಕ್ಕೆ ಕಾಯುತ್ತಿದ್ದ ದಿನಗಳು ಅವು. 2019ರ ಬೇಸಿಗೆ. ಮಧುಗಿರಿ ಸೀಮೆಯ ಬಿ.ಇಡಿ. ಕಾಲೇಜೊಂದು ಪತ್ರಿಕೆಯಲ್ಲಿ ಚಿಕ್ಕ ಜಾಹೀರಾತು ಕೊಟ್ಟಿತ್ತು. ಕನ್ನಡ, ಗಣಿತ, ವಿಜ್ಞಾನಕ್ಕೆ ಸಹಾಯಕ ಪ್ರಾಧ್ಯಾಪಕರು ಬೇಕಾಗಿದ್ದಾರೆ, ಅರ್ಹತೆ ಎನ್‌ಸಿಟಿಇ ನಿಯಮದಂತೆ, ಅರ್ಜಿ ಮತ್ತು ದಾಖಲೆಗಳನ್ನು ಕಾರ್ಯದರ್ಶಿಗಳ ಹೆಸರಿಗೆ ಕಳಿಸುವುದು. ಅಷ್ಟೇ. ಅರ್ಜಿ ನಮೂನೆ, ಅಂಕಪಟ್ಟಿಗಳ ನಕಲು, ಕೆ-ಸೆಟ್ ಪ್ರಮಾಣಪತ್ರ ಇವನ್ನೆಲ್ಲ ಜೋಡಿಸುವುದು ಒಂದು ಮಧ್ಯಾಹ್ನದ ಕೆಲಸ. ಅವುಗಳ ಮೇಲೆ ಇಡುವ ಒಂದು ಪುಟದ ಪತ್ರಕ್ಕೆ, ನಾವೆಲ್ಲ ಕವರಿಂಗ್ ಲೆಟರ್ ಎನ್ನುವ ಅದಕ್ಕೆ, ವಾರಕ್ಕಿಂತ ಹೆಚ್ಚು ಹಿಡಿಯಿತು. ಆ ಒಂದು ಪುಟದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕಂದಾಯಕ್ಕೆ ತುಮಕೂರು ಜಿಲ್ಲೆಗೆ ಸೇರಿದರೂ ಶಾಲೆಯ ಲೆಕ್ಕದಲ್ಲಿ ಬೇರೆಯೇ ಒಂದು ಶೈಕ್ಷಣಿಕ ಜಿಲ್ಲೆ. ಡಿಡಿಪಿಐ ಕಚೇರಿ, ಡಯಟ್ ಎರಡೂ ಮಧುಗಿರಿಯಲ್ಲಿವೆ. ನಾನು ಕೊರಟಗೆರೆ ತಾಲ್ಲೂಕಿನವಳು. ಕನ್ನಡ ಎಂ.ಎ. ಮುಗಿಸಿ, ಬಿ.ಇಡಿ. ಮಾಡಿ, ಕೆಲವು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ, ಆಮೇಲೆ ಎಂ.ಇಡಿ. ಮಾಡಿಕೊಂಡು ಸಂಶೋಧನೆಗೆ ಇಳಿದವಳು. ಸಂಶೋಧನೆಯ ಕ್ಷೇತ್ರ ಇದೇ ನಾಲ್ಕು ತಾಲ್ಲೂಕು.

ಪತ್ರದ ಮೊದಲ ಕರಡನ್ನು ಹಿಡಿದು ನಮ್ಮ ಗೈಡ್ ಮೇಡಂ ಮನೆಗೆ ಹೋದಾಗ ಅವರು ಪತ್ರವನ್ನು ಓದುವ ಮೊದಲೇ ಕೇಳಿದ ಪ್ರಶ್ನೆ ಬೇರೆ.

'ಈ ಕಾಲೇಜಲ್ಲಿ ನೀನು ಯಾವ ಜಾಗಕ್ಕೆ ಹೋಗ್ತೀಯಮ್ಮ?'

'ಕನ್ನಡಕ್ಕೆ, ಮೇಡಂ.'

'ಅದು ಜಾಹೀರಾತಿನ ಮಾತು. ಎನ್‌ಸಿಟಿಇ ಪಟ್ಟಿಯಲ್ಲಿ ಯಾವ ಜಾಗ?'

ಅವರು ಕೇಳಿದ್ದರಲ್ಲಿ ಬಹಳ ಅರ್ಥವಿತ್ತು. ಎನ್‌ಸಿಟಿಇ ತನ್ನ 2014ರ ನಿಯಮಾವಳಿಯಲ್ಲಿ ಬಿ.ಇಡಿ.ಯನ್ನು ಎರಡು ವರ್ಷಕ್ಕೆ ಏರಿಸಿತು. 2015-16ರಿಂದ ಅದು ಜಾರಿಗೆ ಬಂತು. 50 ಜನರ ಎರಡು ಯೂನಿಟ್, ಅಂದರೆ ಎರಡೂ ವರ್ಷ ಸೇರಿ 200 ಪ್ರಶಿಕ್ಷಣಾರ್ಥಿಗಳಿರುವ ಕಾಲೇಜಿಗೆ ಪ್ರಾಂಶುಪಾಲರೂ ಸೇರಿ 16 ಅಧ್ಯಾಪಕರಿರಬೇಕು. ಅವರಲ್ಲಿ ನಾಲ್ವರು ಶಿಕ್ಷಣದ ತಾತ್ತ್ವಿಕ, ಸಾಮಾಜಿಕ, ಮನಶ್ಶಾಸ್ತ್ರೀಯ ಪತ್ರಿಕೆಗಳಿಗೆ, ಎಂಟು ಜನ ಶಾಲಾ ವಿಷಯಗಳ ಬೋಧನಾಶಾಸ್ತ್ರಕ್ಕೆ, ಉಳಿದವರು ದೈಹಿಕ ಶಿಕ್ಷಣ ಮತ್ತು ಕಲೆಗಳಿಗೆ. ಮೊದಲ ನಾಲ್ಕು ಜಾಗಕ್ಕೆ ಸಮಾಜವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮತ್ತು ಎಂ.ಇಡಿ. ಬೇಕು, ಇಲ್ಲವೇ ಶಿಕ್ಷಣದಲ್ಲೇ ಎಂ.ಎ. ಮತ್ತು ಬಿ.ಇಡಿ. ಆಗಿರಬೇಕು. ಬೋಧನಾಶಾಸ್ತ್ರದ ಜಾಗಕ್ಕೆ ಆಯಾ ಶಾಲಾ ವಿಷಯದಲ್ಲಿ ಸ್ನಾತಕೋತ್ತರ ಪದವಿ, ಜೊತೆಗೆ ಎಂ.ಇಡಿ. ಎಲ್ಲ ಕಡೆಯೂ ಕನಿಷ್ಠ ಶೇಕಡ 55 ಅಂಕ.

ನನ್ನದು ಕನ್ನಡ ಎಂ.ಎ. ಹಾಗಾಗಿ ಮನಶ್ಶಾಸ್ತ್ರ ಎಷ್ಟೇ ಓದಿಕೊಂಡಿದ್ದರೂ ಮೊದಲ ನಾಲ್ಕು ಜಾಗಗಳಲ್ಲಿ ನನ್ನ ಹೆಸರು ಕೂರುವುದಿಲ್ಲ. ಕಾಲೇಜಿನವರು ಅಧ್ಯಾಪಕರ ಪಟ್ಟಿಯನ್ನು ವಿಶ್ವವಿದ್ಯಾಲಯದ ಅನುಮೋದನೆಗೆ ಕಳಿಸುವಾಗ ಪ್ರತಿ ಹೆಸರಿನ ಮುಂದೆ ಜಾಗ ಬರೆಯಬೇಕು. ಅಲ್ಲಿ ಹೊಂದದ ಹೆಸರು ವಾಪಸು ಬರುತ್ತದೆ. ಆಯ್ಕೆ ಸಮಿತಿಯಲ್ಲಿ ಕೂತವರ ತಲೆಯಲ್ಲಿ ಮೊದಲು ಓಡುವುದು ಇದೇ ಲೆಕ್ಕ. ಅರ್ಜಿದಾರರು ಎಷ್ಟು ಜಾಣರು ಎನ್ನುವುದು ಅದಾದ ಮೇಲಿನ ಮಾತು. ಮೇಡಂ ಹೇಳಿದರು, 'ಆ ಲೆಕ್ಕವನ್ನ ಅವರ ಕೈಗೆ ಬಿಡಬೇಡ. ನೀನೇ ಮಾಡಿ ಕೊಟ್ಟುಬಿಡು.' ಹಾಗಾಗಿ ನನ್ನ ಪತ್ರದ ವಿಷಯ ಸಾಲಿನಲ್ಲಿ ಜಾಹೀರಾತಿನ ದಿನಾಂಕದ ಜೊತೆಗೆ 'ಕನ್ನಡ ಬೋಧನಾಶಾಸ್ತ್ರದ ಸಹಾಯಕ ಪ್ರಾಧ್ಯಾಪಕ ಹುದ್ದೆ' ಎಂದು ಪೂರ್ತಿ ಬಂತು. ಮೊದಲ ಪ್ಯಾರಾದಲ್ಲಿ ಎಂ.ಎ., ಎಂ.ಇಡಿ. ಎರಡರ ಶೇಕಡಾವಾರು ಅಂಕ, ವರ್ಷ, ವಿಶ್ವವಿದ್ಯಾಲಯ, ಶಿಕ್ಷಣ ವಿಷಯದಲ್ಲಿ ಕೆ-ಸೆಟ್ ತೇರ್ಗಡೆಯಾದ ವರ್ಷ. ಎಸ್ಸೆಸ್ಸೆಲ್ಸಿ, ಪಿಯುಸಿ ಎಲ್ಲ ಬಯೋಡೇಟಾದಲ್ಲಿದ್ದವು; ಪತ್ರಕ್ಕೆ ಬರಲಿಲ್ಲ.

ಎರಡನೆಯ ಪ್ಯಾರಾಕ್ಕೆ ಒಂದೇ ವಾಕ್ಯ ಸಾಕು ಎಂದರು ಮೇಡಂ. ಆ ಒಂದು ವಾಕ್ಯಕ್ಕಾಗಿ ನಾವು ಬಹಳ ಹೊತ್ತು ಕೂತೆವು. ಪಿಎಚ್.ಡಿ. ಎಲ್ಲಿಗೆ ಬಂದಿದೆ ಎಂದು ಹೇಳುವ ವಾಕ್ಯ ಅದು. ನೋಂದಣಿ, ಕೋರ್ಸ್‌ವರ್ಕ್, ಪ್ರಗತಿ ವರದಿಗಳು, ಸಲ್ಲಿಕೆಗೆ ಮುಂಚಿನ ಕೊಲೋಕ್ವಿಯಂ, ಸಾರಾಂಶ, ಪ್ರಬಂಧ ಸಲ್ಲಿಕೆ, ಹೊರಗಿನ ಪರೀಕ್ಷಕರ ವರದಿ, ವೈವಾ, ಆಮೇಲೆ ವಿಶ್ವವಿದ್ಯಾಲಯದ ಅಧಿಸೂಚನೆ. ಇಷ್ಟು ಮೆಟ್ಟಿಲುಗಳಲ್ಲಿ ನಿಂತವರೆಲ್ಲ 'ಪಿಎಚ್.ಡಿ. ಮಾಡುತ್ತಿದ್ದೇನೆ' ಎಂದೇ ಹೇಳುತ್ತಾರೆ. ಮೊನ್ನೆ ನೋಂದಾಯಿಸಿದವರದೂ ಅದೇ ಮಾತು, ವೈವಾ ಮುಗಿಸಿದವರದೂ ಅದೇ ಮಾತು. ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ತಿಳಿಯದಿದ್ದಾಗ ಅವರು ಕೆಳಗಿನ ಮೆಟ್ಟಿಲನ್ನೇ ಊಹಿಸಿಕೊಳ್ಳುತ್ತಾರೆ, ಅದು ಸಹಜ. 'ಮುಗಿದಿದೆ' ಎಂದು ಬರೆದರೆ ದಾಖಲೆ ಕೇಳಿದಾಗ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಹೆಸರಿನ ಹಿಂದೆ 'ಡಾ.' ಅಂತೂ ಅಧಿಸೂಚನೆ ಬರುವವರೆಗೆ ಕೂಡದು.

ನಾವು ಬರೆದ ವಾಕ್ಯ ಇದು: 'ನನ್ನ ಪ್ರಬಂಧವನ್ನು ಸಲ್ಲಿಸಿದ್ದೇನೆ, ಸಲ್ಲಿಕೆಯ ಸ್ವೀಕೃತಿ ಪತ್ರದ ನಕಲು ಲಗತ್ತಿಸಿದೆ, ಮೌಲ್ಯಮಾಪನ ನಡೆಯುತ್ತಿದ್ದು ವೈವಾ ಇನ್ನೂ ಆಗಬೇಕಿದೆ.' ದಿನಾಂಕವನ್ನು ಸೇರಿಸಿದೆವು. ಯುಜಿಸಿ ನಿಯಮದ ಪ್ರಕಾರ ಸಲ್ಲಿಕೆಯಿಂದ ಆರು ತಿಂಗಳೊಳಗೆ ಮೌಲ್ಯಮಾಪನ ಮುಗಿಯುವಂತೆ ವಿಶ್ವವಿದ್ಯಾಲಯ ನೋಡಿಕೊಳ್ಳಬೇಕು. ದಿನಾಂಕ ಕಣ್ಣಿಗೆ ಬಿದ್ದರೆ ಓದುವವರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. ಆ ಕಾಲೇಜಿಗೆ ನನ್ನ ಅರ್ಹತೆಯ ಭಾರ ಹೊರುತ್ತಿದ್ದದ್ದು ಅಂಕಗಳು ಮತ್ತು ಕೆ-ಸೆಟ್, ಎನ್‌ಸಿಟಿಇ ಪಿಎಚ್.ಡಿ.ಯನ್ನು ಅಪೇಕ್ಷಣೀಯ ಎಂದಷ್ಟೇ ಹೇಳಿತ್ತು. ಹಾಗಿರುವಾಗ ಅದನ್ನು ಇದ್ದುದಕ್ಕಿಂತ ದೊಡ್ಡದು ಮಾಡುವ ಅಗತ್ಯವೇ ಇರಲಿಲ್ಲ.

ಮೂರನೆಯ ಪ್ಯಾರಾ ಸಂಶೋಧನೆಯದು. ಪತ್ರದ ಜೀವ ಇದ್ದದ್ದು ಅಲ್ಲಿ.

ನಮ್ಮ ಶಿಕ್ಷಣ ವಿಭಾಗಗಳ ಪ್ರಬಂಧಗಳಿಗೆ ಒಂದೇ ಅಚ್ಚಿನ ಶೀರ್ಷಿಕೆ ಇರುತ್ತದೆ. ಇಂಥ ಶೈಕ್ಷಣಿಕ ಜಿಲ್ಲೆಯ, ಇಂಥ ತರಗತಿಯ ವಿದ್ಯಾರ್ಥಿಗಳ, ಇಂಥ ಚರಾಂಶಗಳ ನಡುವಣ ಸಂಬಂಧ, ಒಂದು ಅಧ್ಯಯನ. ಮಂಡಳಿಯ ಮುಂದೆ ಅದು ಹಾಗೇ ಇರಬೇಕು, ನನ್ನದೂ ಹಾಗೇ ಇತ್ತು. ಆದರೆ ಒಂದು ಬಿ.ಇಡಿ. ಕಾಲೇಜಿನ ಪ್ರಾಂಶುಪಾಲರಿಗೆ ಆ ಶೀರ್ಷಿಕೆಯಿಂದ ನನ್ನ ತರಗತಿಯಲ್ಲಿ ಏನು ನಡೆಯುತ್ತದೆ ಎಂದು ಗೊತ್ತಾಗುವುದಿಲ್ಲ. ಮೇಡಂ ಪೆನ್ನು ಕೆಳಗಿಟ್ಟು, 'ಶೀರ್ಷಿಕೆ ಮರೆತುಬಿಡು. ಪಾವಗಡದ ನೋಟ್‌ಬುಕ್ಕಲ್ಲಿ ಏನು ಕಂಡೆ ಹೇಳು' ಎಂದರು.

ಪಾವಗಡ ಭೂಪಟದಲ್ಲಿ ಹೆಚ್ಚುಕಡಿಮೆ ಸುತ್ತಲೂ ಆಂಧ್ರವೇ ಇರುವ ತಾಲ್ಲೂಕು. ಬಹಳ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ ಮಾಧ್ಯಮ. ನಾನು ಅಲ್ಲಿನ ಎಂಟನೇ ತರಗತಿಯ ಮಕ್ಕಳಿಂದ ಬರೆಸಿದ ಬರಹಗಳನ್ನು ಕೊರಟಗೆರೆ, ಮಧುಗಿರಿ ಕಡೆಯ ಕನ್ನಡ ಮನೆಮಾತಿನ ಮಕ್ಕಳ ಬರಹಗಳ ಜೊತೆ ಇಟ್ಟು ನೋಡಿದ್ದೆ. ವಿಷಯ 'ನಮ್ಮೂರು ಹೇಗೆ ಬದಲಾಗಿದೆ'. ಆಗ ತಿರುಮಣಿ, ವಳ್ಳೂರು, ಬಳಸಮುದ್ರದ ಸುತ್ತ ಸೋಲಾರ್ ಪಾರ್ಕ್ ಎದ್ದು ನಿಂತಿತ್ತು. 2050 ಮೆಗಾವ್ಯಾಟ್‌ನ ಯೋಜನೆ, ಸುಮಾರು 13,000 ಎಕರೆ. ಜಮೀನನ್ನು ಕೊಳ್ಳದೆ ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆಗೆ ಪಡೆದಿದ್ದರು. ಮಕ್ಕಳು ಬರೆದದ್ದೆಲ್ಲ ಅದರ ಬಗ್ಗೆಯೇ. ಒಬ್ಬ ಹುಡುಗ ಬರೆದ ಸಾಲುಗಳನ್ನು ನಾನು ಪ್ರಬಂಧದಲ್ಲೂ ಬಳಸಿಕೊಂಡಿದ್ದೆ: 'ಅಜ್ಜಿ ಹೊಲ ಕೊಟ್ಟಿತು. ಅಪ್ಪ ಸಹಿ ಹಾಕಿದನು. ಅತ್ತೆಯರು ಬಂದರು. ಅಮ್ಮ ಬೇಡ ಎಂದಿತು.'

ಮಾಮೂಲಿನ ಕಣ್ಣಿಗೆ ಇದರಲ್ಲಿ ಎರಡು ತಪ್ಪು. ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು ಪಕ್ಕದಲ್ಲಿ 'ಕೊಟ್ಟಳು', 'ಎಂದಳು' ಎಂದು ಬರೆದು ಮುಂದೆ ಹೋಗಬಹುದು. ಆದರೆ ನಾಲ್ಕೂ ವಾಕ್ಯಗಳನ್ನು ಒಟ್ಟಿಗೆ ನೋಡಬೇಕು. ಗಂಡಸಿಗೆ ಕ್ರಿಯಾಪದ ಸರಿಯಾಗಿದೆ. ಹೆಂಗಸರು ಬಹಳ ಮಂದಿ ಇದ್ದಾಗಲೂ ಸರಿಯಾಗಿದೆ. ಒಬ್ಬಳೇ ಹೆಂಗಸು ಬಂದಾಗ ಮಾತ್ರ ನಪುಂಸಕ ರೂಪ, ಅದೂ ಎರಡೂ ಸಲ. ತೆಲುಗಿನ ವ್ಯಾಕರಣ ಇರುವುದು ಹೀಗೆಯೇ. ಅಲ್ಲಿ ಗಂಡಸಿಗೆ ಬೇರೆ ರೂಪ, ಬಹುವಚನದಲ್ಲಿ ಮನುಷ್ಯರಿಗೆಲ್ಲ ಒಂದು ರೂಪ, ಏಕವಚನದಲ್ಲಿ ಹೆಂಗಸಿಗೂ ದನಕರುಗಳಿಗೂ ವಸ್ತುಗಳಿಗೂ ಒಂದೇ ರೂಪ. ಆ ಹುಡುಗ ತನ್ನ ಮನೆಯ ವ್ಯಾಕರಣವನ್ನು ಒಂದು ಕಡೆಯೂ ತಪ್ಪದೆ ಪಾಲಿಸಿದ್ದ. ಅವನಿಗೆ ಬೇಕಾದದ್ದು ಕನ್ನಡ ಎಲ್ಲಿ ಕವಲೊಡೆಯುತ್ತದೆ ಎಂದು ತೋರಿಸುವ ಒಂದೇ ಪಾಠ.

ಅದೇ ತರಗತಿಯ ಇನ್ನೊಂದು ನೋಟ್‌ಬುಕ್ಕಿನಲ್ಲಿ 'ಅಮ್ಮ ಬಂತು', 'ಅಮ್ಮ ಬಂದನು', 'ಅಪ್ಪ ಬಂತು', 'ಅಕ್ಕಂದಿರು ಬಂದಿತು' ಎಲ್ಲವೂ ಇದ್ದವು. ಒಂದೇ ಪುಟದಲ್ಲಿ 'ಅಮ್ಮ ಬಂದಳು' ಕೂಡ ಇತ್ತು. ಅಲ್ಲಿ ಯಾವ ಕ್ರಮವೂ ಇಲ್ಲ. ಆ ಮಗುವಿಗೆ ವಾಕ್ಯವನ್ನು ಪೂರ್ತಿ ಓದಿ ಹಿಡಿಯುವುದೇ ಇನ್ನೂ ಬಂದಿಲ್ಲ. ಅದಕ್ಕೆ ಬೇಕಾದದ್ದು ದಿನವೂ ಜೋರಾಗಿ ಓದಿಸುವ, ಚಿಕ್ಕ ಪಠ್ಯಗಳ ಕೆಲಸ. ಇಬ್ಬರ ಪುಟದಲ್ಲೂ ಕೆಂಪು ಗೆರೆ ಬಿದ್ದಿರುತ್ತದೆ, ಇಬ್ಬರಿಗೂ ಹತ್ತಿರ ಹತ್ತಿರದ ಅಂಕ ಬಂದಿರುತ್ತದೆ, ಇಬ್ಬರನ್ನೂ ಕನ್ನಡದಲ್ಲಿ ಹಿಂದುಳಿದವರ ಸಾಲಿನಲ್ಲಿ ಕೂರಿಸಲಾಗುತ್ತದೆ. ಇದು ನನಗೆ ಈಗಲೂ ಸಂಕಟ ಕೊಡುವ ವಿಷಯ. ಮೊದಲ ಹುಡುಗ ಹಿಂದುಳಿದವನೇ ಅಲ್ಲ.

ಒಂದು ಎಚ್ಚರವನ್ನೂ ಹೇಳಬೇಕು. ನಮ್ಮ ಕಡೆಯ ಕನ್ನಡ ಮನೆಗಳಲ್ಲೂ ಅಜ್ಜಿಯ ಬಗ್ಗೆ ಸಲುಗೆಯಿಂದ 'ಬಂತು', 'ಹೋಯಿತು' ಎನ್ನುವವರಿದ್ದಾರೆ. ಹಾಗಾಗಿ ಒಂದು ವಾಕ್ಯ ನೋಡಿ ಇದು ತೆಲುಗಿನದು ಎಂದು ತೀರ್ಮಾನಿಸುವಂತಿಲ್ಲ. ಒಂದೇ ಮಗುವಿನ ಹಲವು ಪುಟಗಳಲ್ಲಿ ಗಂಡಸು, ಹೆಂಗಸು, ಬಹುವಚನ ಮೂರನ್ನೂ ಹುಡುಕಿ ಸಾಲುಗಟ್ಟಿ ನೋಡಬೇಕು. ಕ್ರಮ ಸಿಕ್ಕಿದರೆ ಮನೆಮಾತು, ಸಿಗದಿದ್ದರೆ ಓದಿನ ಕೊರತೆ.

ಇಷ್ಟನ್ನು ನಾನು ಹೇಳಿ ಮುಗಿಸಿದಾಗ ಮೇಡಂ, 'ಇದನ್ನ ಬಿ.ಇಡಿ. ಹುಡುಗರಿಗೆ ಎಲ್ಲಿ ಕಲಿಸ್ತೀಯ?' ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿತ್ತು. ಎರಡು ವರ್ಷದ ಬಿ.ಇಡಿ.ಯಲ್ಲಿ 'ಪಠ್ಯಕ್ರಮದಾದ್ಯಂತ ಭಾಷೆ' ಎಂಬ ಪತ್ರಿಕೆ ಹೊಸದಾಗಿ ಬಂದಿತ್ತು. ಗಣಿತದವರೂ ವಿಜ್ಞಾನದವರೂ ಅದನ್ನು ಓದಬೇಕು. ಗಣಿತದ ಮೇಷ್ಟ್ರು ಕೂಡ ಮಗುವಿನ ಭಾಷೆಯನ್ನು ಓದಬಲ್ಲವರಾಗಬೇಕು ಎನ್ನುವುದು ಅದರ ಉದ್ದೇಶ. ಹಲವು ಕಡೆ ಅದನ್ನು ಪಾಠ ಮಾಡುವವರೇ ಸರಿಯಾಗಿ ಸಿಗದೆ, ಬಿಡುವಿರುವ ಯಾರಿಗಾದರೂ ಹಂಚಿಬಿಡುತ್ತಿದ್ದರು. ನನ್ನ ನೋಟ್‌ಬುಕ್ಕುಗಳಿಗೆ ಅದಕ್ಕಿಂತ ಸರಿಯಾದ ಜಾಗ ಇನ್ನೊಂದಿರಲಿಲ್ಲ.

ಆ ಪ್ಯಾರಾ ಕೊನೆಗೆ ಹೀಗೆ ನಿಂತಿತು:

'ಪಾವಗಡ ತಾಲ್ಲೂಕಿನ ತೆಲುಗು ಮನೆಮಾತಿನ ಎಂಟನೇ ತರಗತಿಯ ಮಕ್ಕಳ ಕನ್ನಡ ಬರಹವನ್ನು ನಾನು ಅಭ್ಯಾಸ ಮಾಡಿದ್ದೇನೆ. ಅವರ ತಪ್ಪುಗಳಲ್ಲಿ ಕೆಲವು ಮನೆಮಾತಿನ ವ್ಯಾಕರಣದಿಂದ, ಕೆಲವು ಓದಿನ ಕೊರತೆಯಿಂದ ಬರುತ್ತವೆ. ಎರಡನ್ನೂ ನೋಟ್‌ಬುಕ್ಕಿನಿಂದಲೇ ಬೇರ್ಪಡಿಸಬಹುದು, ಎರಡಕ್ಕೂ ಬೇರೆ ಬೇರೆ ಪಾಠ ಬೇಕು. ಹೀಗೆ ಬೇರ್ಪಡಿಸುವುದನ್ನು ಕನ್ನಡ ಬೋಧನಾಶಾಸ್ತ್ರದ ಪ್ರಾಯೋಗಿಕ ಕೆಲಸದಲ್ಲಿಯೂ "ಪಠ್ಯಕ್ರಮದಾದ್ಯಂತ ಭಾಷೆ" ಪತ್ರಿಕೆಯಲ್ಲಿಯೂ ಪ್ರಶಿಕ್ಷಣಾರ್ಥಿಗಳಿಂದ ಮಾಡಿಸಬಲ್ಲೆ. ನನ್ನ ಮಾದರಿ ಚಿಕ್ಕದು. ಶಿರಾ ಪಟ್ಟಣದ ಉರ್ದು ಮನೆಮಾತಿನ ಮಕ್ಕಳಿಗೆ ಇದೇ ಫಲಿತಗಳು ಹೊಂದುತ್ತವೆ ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ.'

ಕೊನೆಯ ಎರಡು ವಾಕ್ಯ ಬೇಕೇ ಎಂದು ನನ್ನ ಗೆಳತಿಯೊಬ್ಬಳು ಕೇಳಿದ್ದಳು. ಕೆಲಸ ಕೇಳುವ ಪತ್ರದಲ್ಲಿ ಇಲ್ಲದ್ದನ್ನು ಯಾಕೆ ಹೇಳಬೇಕು ಎಂಬುದು ಅವಳ ವಾದ. ಮೇಡಂ ಅವನ್ನು ಬಿಡಗೊಡಲಿಲ್ಲ. ಶಿರಾದ ಶಾಲೆಗಳಿಗೂ ಪ್ರಶಿಕ್ಷಣಾರ್ಥಿಗಳನ್ನು ಕಳಿಸುವ ಕಾಲೇಜು ಅದು. ಪ್ರಶ್ನೆ ಹೇಗೂ ಬರುತ್ತದೆ, ಬರುವ ಮೊದಲೇ ಗೆರೆ ಎಳೆದಿದ್ದರೆ ಉಳಿದದ್ದನ್ನು ಅವರು ನಂಬುತ್ತಾರೆ ಎಂದರು.

ನಾಲ್ಕನೆಯ ಪ್ಯಾರಾ ಇಂಟರ್ನ್‌ಶಿಪ್ ಕುರಿತದ್ದು. ಹೊಸ ಬಿ.ಇಡಿ.ಯಲ್ಲಿ ಶಾಲೆಯೊಳಗಿನ ಕೆಲಸ ಒಟ್ಟು 20 ವಾರ. ಅದರಲ್ಲಿ 16 ವಾರ ಎರಡನೇ ವರ್ಷದಲ್ಲಿ. ಕಾಗದದ ಮೇಲೆ ಸುಲಭ. ನಡೆಸುವಾಗ ಡಿಡಿಪಿಐ ಕಚೇರಿಯ ಅನುಮತಿ ಬೇಕು, ಬಿಇಓ ಕಚೇರಿಯಿಂದ ಶಾಲೆಗಳಿಗೆ ಪತ್ರ ಹೋಗಬೇಕು, ಮುಖ್ಯೋಪಾಧ್ಯಾಯರು ಒಪ್ಪಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶದ ಭಯದಿಂದ ಹತ್ತನೇ ತರಗತಿಯನ್ನು ಹೊಸಬರ ಕೈಗೆ ಕೊಡಲು ಶಾಲೆಗಳು ಹಿಂಜರಿಯುತ್ತವೆ. ಹೆಚ್ಚಾಗಿ ಸಿಗುವುದು ಎಂಟು ಮತ್ತು ಒಂಬತ್ತು. ದಸರಾ ರಜೆಗೆ ಮುಂಚಿನ ಪರೀಕ್ಷೆಯ ವಾರಗಳಲ್ಲಿ ಕಳಿಸಿದರೆ ಪ್ರಶಿಕ್ಷಣಾರ್ಥಿಗಳು ಪಾಠ ಮಾಡುವ ಬದಲು ಕೊಠಡಿ ಮೇಲ್ವಿಚಾರಣೆ ಮಾಡಿ ವಾಪಸಾಗುತ್ತಾರೆ. ಹೈಸ್ಕೂಲಿನಲ್ಲಿದ್ದಾಗ ನಾನು ಇದನ್ನು ಆ ಕಡೆಯಿಂದ ನೋಡಿದ್ದೆ, ನನ್ನ ತರಗತಿಗೆ ಬಂದವರ ಲೆಸನ್ ಪ್ಲಾನ್ ತಿದ್ದಿದ್ದೆ. ಸಂಶೋಧನೆಗಾಗಿ ನಾಲ್ಕೂ ತಾಲ್ಲೂಕಿನ ಶಾಲೆಗಳನ್ನು ಸುತ್ತಿದ್ದೆ. ಪತ್ರದಲ್ಲಿ ಈ ಅನುಭವವನ್ನು ಮೂರು ವಾಕ್ಯದಲ್ಲಿ ಹೇಳಿ, ಎಂಟನೇ ತರಗತಿಯ ಇಂಟರ್ನ್‌ಶಿಪ್ಪಿನಲ್ಲಿ ಪ್ರತಿ ಪ್ರಶಿಕ್ಷಣಾರ್ಥಿಯೂ ಒಂದು ಮಗುವಿನ ನೋಟ್‌ಬುಕ್ಕನ್ನು ಆರಂಭದಿಂದ ಕೊನೆಯವರೆಗೆ ಹಿಂಬಾಲಿಸುವ ದಾಖಲೆ ಇಡಿಸಬಹುದು ಎಂದು ಸೂಚಿಸಿದೆ.

ಪ್ರಕಟಿತ ಲೇಖನಗಳ ಬಗ್ಗೆ ಒಂದೇ ಸಾಲು. ಪೂರ್ತಿ ಪ್ರತಿಯನ್ನು ಮೇಜಿನ ಮೇಲೆ ಇಡಬಲ್ಲ ಲೇಖನಗಳನ್ನಷ್ಟೇ ಹೆಸರಿಸಿದೆ. ಸಂಸ್ಥೆಯ ಹೊಗಳಿಕೆಯಿಲ್ಲ. ಇಡೀ ಪತ್ರ ಕನ್ನಡದಲ್ಲಿ, ನುಡಿಯಲ್ಲಿ ಟೈಪಾಗಿ, ಒಂದು ಪುಟ. ಇಂಗ್ಲಿಷಿನಲ್ಲಿ ಬರೆದರೆ ತೂಕ ಎಂದವರಿದ್ದರು. ನಾನು ಪಾಠ ಮಾಡಬೇಕಿದ್ದ ಭಾಷೆಯಲ್ಲಿ ನಾಲ್ಕು ಪ್ಯಾರಾ ಅಚ್ಚುಕಟ್ಟಾಗಿ ಬರೆಯಬಲ್ಲೆ ಎನ್ನುವುದಕ್ಕೆ ಆ ಪತ್ರವೇ ಮೊದಲ ಪುರಾವೆಯಾಗಬೇಕಿತ್ತು.

ಸಂದರ್ಶನದಲ್ಲಿ ಪ್ರಾಂಶುಪಾಲರು ಬಯೋಡೇಟಾ ಪಕ್ಕಕ್ಕಿಟ್ಟು ಪತ್ರವನ್ನೇ ಹಿಡಿದಿದ್ದರು. ಮೂರನೆಯ ಪ್ಯಾರಾದ ಪಕ್ಕದಲ್ಲಿ ಪೆನ್ಸಿಲ್ ಗೆರೆ ಕಾಣುತ್ತಿತ್ತು.

'ಹಾಗಾದ್ರೆ ಆ ಹುಡುಗ "ಅಜ್ಜಿ ಕೊಟ್ಟಿತು" ಅಂತ ಪರೀಕ್ಷೇಲಿ ಬರೆದ್ರೆ ಅಂಕ ಕೊಡ್ತೀರಾ, ಕಳೀತೀರಾ?'

'ವ್ಯಾಕರಣದ ಪ್ರಶ್ನೆಯಾದ್ರೆ ಕಳೀತೀನಿ ಸರ್. ಕನ್ನಡದ ರೂಪ ಅವನಿಗೆ ಬರಲೇಬೇಕು. ಪ್ರಬಂಧದ ಪ್ರಶ್ನೆಯಾದ್ರೆ ವಿಷಯಕ್ಕೆ ಪೂರ್ತಿ ಅಂಕ ಕೊಟ್ಟು ಭಾಷೆಯ ಅಂಕದಲ್ಲಿ ಒಂದೇ ತಪ್ಪು ಅಂತ ಎಣಿಸ್ತೀನಿ. ಎಷ್ಟು ಸಲ ಬಂದ್ರೂ ಅದು ಒಂದೇ ತಪ್ಪು.'

ವಿಶ್ವವಿದ್ಯಾಲಯದಿಂದ ಬಂದಿದ್ದ ಸದಸ್ಯರು ಇದನ್ನು ಒಪ್ಪಲಿಲ್ಲ. ಒಂದು ಮಗುವಿಗೆ ಒಂದು, ಇನ್ನೊಂದು ಮಗುವಿಗೆ ಇನ್ನೊಂದು ಅಳತೆಯಾದರೆ ಮೌಲ್ಯಮಾಪನ ಹೇಗೆ ನಡೆಯುತ್ತದೆ ಎಂದರು. ಪಬ್ಲಿಕ್ ಪರೀಕ್ಷೆಗೆ ಅವರ ಮಾತು ಸರಿ ಎಂದೆ. ತರಗತಿಯೊಳಗಿನ ರೂಪಣಾತ್ಮಕ ಮೌಲ್ಯಮಾಪನದಲ್ಲಿ, ಅಂಕಕ್ಕಿಂತ ಮುಂದಿನ ಪಾಠ ಏನೆಂದು ತಿಳಿಯುವುದೇ ಮುಖ್ಯವಾದಲ್ಲಿ, ನನ್ನ ಅಳತೆ ಬೇಕು ಎಂದೆ. ಹತ್ತು ನಿಮಿಷಕ್ಕೆಂದಿದ್ದ ಸಂದರ್ಶನ ಇದರ ಮೇಲೆಯೇ ಬಹಳ ಹೊತ್ತು ನಡೆಯಿತು. ಆಮೇಲೆ ಡೆಮೋ ಪಾಠ ಕೊಡಿಸಿದರು. ಅಲ್ಲಿ ಸೇರಿದ್ದ ಬಿ.ಇಡಿ. ವಿದ್ಯಾರ್ಥಿಗಳಿಗೆ ಆ ಎರಡು ನೋಟ್‌ಬುಕ್ಕುಗಳ ಸಾಲುಗಳನ್ನೇ ಬೋರ್ಡಿನ ಮೇಲೆ ಬರೆದು, ಯಾರಿಗೆ ಯಾವ ಪಾಠ ಎಂದು ಕೇಳಿದೆ. ಮೊದಲು ಸರಿಯಾಗಿ ಹೇಳಿದವನು ಗಣಿತದ ಹುಡುಗ. ಅವನು ಸಾಲುಗಳನ್ನು ಕೋಷ್ಟಕ ಮಾಡಿಕೊಂಡು ನೋಡಿದ್ದ.

ನೇಮಕಾತಿ ಪತ್ರ ಬಂದಾಗ ಹುದ್ದೆಯ ಹೆಸರು ನಾನು ವಿಷಯ ಸಾಲಿನಲ್ಲಿ ಬರೆದದ್ದೇ ಇತ್ತು. ಅನುಮೋದನೆಯ ಪಟ್ಟಿಯಲ್ಲಿ ಪಿಎಚ್.ಡಿ. ಕಾಲಂನಲ್ಲಿ 'ಸಲ್ಲಿಸಲಾಗಿದೆ' ಎಂದು ಹಾಕಿದ್ದರು. ವೈವಾ ಮುಗಿದು ಅಧಿಸೂಚನೆ ಹೊರಟ ಮೇಲೆ ಅದರ ದೃಢೀಕೃತ ನಕಲಿನ ಜೊತೆ ಪ್ರಾಂಶುಪಾಲರಿಗೆ ಇನ್ನೊಂದು ಪತ್ರ ಕೊಟ್ಟೆ. ನನ್ನ ಸೇವಾ ದಾಖಲೆಯಲ್ಲಿಯೂ ವಿಶ್ವವಿದ್ಯಾಲಯಕ್ಕೆ ಹೋಗುವ ಅಧ್ಯಾಪಕರ ಪಟ್ಟಿಯಲ್ಲಿಯೂ ಆ ಕಾಲಂ ತಿದ್ದಬೇಕೆಂದು ಕೋರಿದ, ಎರಡು ಸಾಲಿನ ಪತ್ರ.